ಸ್ಕ್ರೂ ಗೇಜ್‌ಗೆ ಕೊಡದ ಹತ್ತು ನಿಮಿಷ

ಡಿಗ್ರಿ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯಗಳಲ್ಲಿ ಎಷ್ಟೋ ವರ್ಷಗಳಿಂದ ನಡೆದುಬಂದಿರುವ ಒಂದು ಪ್ರಯೋಗವಿದೆ. ಉಕ್ಕಿನ ತೆಳು ಪಟ್ಟಿಯೊಂದರ ಒಂದು ತುದಿಯನ್ನು ಮೇಜಿನ ಅಂಚಿಗೆ ಬಿಗಿಯುತ್ತಾರೆ. ಇನ್ನೊಂದು ತುದಿ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಆ ತುದಿಗೆ ಮೇಣದಿಂದ ಒಂದು ಗುಂಡುಸೂಜಿ ನಿಲ್ಲಿಸಿ, ಕೆಳಗೆ ತೂಕದ ಬಿಲ್ಲೆಗಳನ್ನು ತೂಗುಬಿಟ್ಟು, ಪಟ್ಟಿ ಎಷ್ಟು ಬಾಗಿತು ಎಂದು ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ಅಳೆಯುತ್ತಾರೆ. ಅದರಿಂದ ಉಕ್ಕಿನ ಯಂಗ್ ಮಾಡ್ಯುಲಸ್, ಅಂದರೆ ಎಳೆತ ಬಾಗುಗಳಿಗೆ ಆ ಲೋಹ ಎಷ್ಟು ಸೆಟೆದು ನಿಲ್ಲುತ್ತದೆ ಎನ್ನುವ ಅಳತೆ, ಸಿಗುತ್ತದೆ. ಪ್ರಯೋಗದ ಹೆಸರು ಸಿಂಗಲ್ ಕ್ಯಾಂಟಿಲಿವರ್.

ಮೂರು ಗಂಟೆಯ ಅವಧಿಯಲ್ಲಿ ಸಮಯ ಹೇಗೆ ಹಂಚಿಹೋಗುತ್ತದೆ ಎಂದು ಗಮನಿಸಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಸೂಜಿಯ ಮೊನೆಯನ್ನು ಮೈಕ್ರೋಸ್ಕೋಪಿನ ಅಡ್ಡಗೆರೆಗೆ ಸರಿಯಾಗಿ ಮುಟ್ಟಿಸುವುದರಲ್ಲಿ, ವರ್ನಿಯರ್ ಗೆರೆ ಯಾವುದಕ್ಕೆ ಕೂಡಿದೆ ಎಂದು ಭೂತಗನ್ನಡಿ ಹಿಡಿದು ನೋಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತದೆ. ಪಟ್ಟಿಯ ದಪ್ಪವನ್ನು ಸ್ಕ್ರೂ ಗೇಜ್‌ನಲ್ಲಿ ಅಳೆಯುವ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎಷ್ಟೋ ಸಲ ಪಕ್ಕದ ಬ್ಯಾಚಿನವರು ಅಳೆದಿಟ್ಟ ಸಂಖ್ಯೆಯೇ ರೆಕಾರ್ಡಿಗೆ ಇಳಿಯುತ್ತದೆ. ಆದರೆ ಉತ್ತರ ಕೆಡುವುದು ಹೆಚ್ಚಾಗಿ ಆ ಎರಡು ನಿಮಿಷದ ಅಳತೆಯಿಂದಲೇ. ಶ್ರಮ ಹೋಗುವ ಕಡೆಗೂ ದೋಷ ಹುಟ್ಟುವ ಕಡೆಗೂ ಸಂಬಂಧವೇ ಇಲ್ಲದಂತಾಗಿದೆ. ಇದು ಬರೀ ಮಾತಲ್ಲ, ಲೆಕ್ಕ ಹಾಕಿ ತೋರಿಸಬಹುದು.

ಪ್ರಯೋಗದ ಸೂತ್ರ ಹೀಗಿದೆ:

Y = 4mgL³ / (bd³δ)

ಇಲ್ಲಿ m ತೂಗುಬಿಟ್ಟ ದ್ರವ್ಯರಾಶಿ, g ಗುರುತ್ವ ವೇಗೋತ್ಕರ್ಷ, L ಬಿಗಿದ ಅಂಚಿನಿಂದ ತೂಕ ತೂಗುವ ಜಾಗದವರೆಗಿನ ಉದ್ದ, b ಪಟ್ಟಿಯ ಅಗಲ, d ಅದರ ದಪ್ಪ, δ ತುದಿ ಕೆಳಗಿಳಿದ ದೂರ. ಉದ್ದಕ್ಕೆ ಮೀಟರ್ ಸ್ಕೇಲು, ಅಗಲಕ್ಕೆ ವರ್ನಿಯರ್ ಕ್ಯಾಲಿಪರ್ಸ್, ದಪ್ಪಕ್ಕೆ ಸ್ಕ್ರೂ ಗೇಜ್, ಬಾಗಿಗೆ ಮೈಕ್ರೋಸ್ಕೋಪ್. ನಾಲ್ಕು ಉಪಕರಣಗಳ ಓದುಗಳು ಒಂದೇ ಸೂತ್ರದೊಳಗೆ ಸೇರಿಕೊಳ್ಳುತ್ತವೆ, ಪ್ರತಿಯೊಂದೂ ತನ್ನ ಅನಿಶ್ಚಿತತೆಯನ್ನೂ ಜೊತೆಗೆ ತರುತ್ತದೆ. ಉದ್ದ ಮತ್ತು ದಪ್ಪ ಸೂತ್ರದಲ್ಲಿ ಘನವಾಗಿ, ಅಂದರೆ ಮೂರರ ಘಾತದಲ್ಲಿ ಕುಳಿತಿವೆ ಎನ್ನುವುದನ್ನು ಇಲ್ಲೇ ಗುರುತು ಹಾಕಿಕೊಳ್ಳಬೇಕು.

ಒಂದು ಸಾಮಾನ್ಯ ಬ್ಯಾಚಿನ ಅಂಕಿಗಳನ್ನು ಊಹಿಸಿಕೊಳ್ಳೋಣ. ತೂಕ 150 ಗ್ರಾಂ. ಉದ್ದ 15.0 ಸೆಂ.ಮೀ. ಅಗಲ 2.52 ಸೆಂ.ಮೀ. ದಪ್ಪ 1.00 ಮಿ.ಮೀ. ಬಾಗು 3.95 ಮಿ.ಮೀ. ಬೆಂಗಳೂರಿನಲ್ಲಿ g ಬೆಲೆ 9.78; ಪುಸ್ತಕದ 9.8 ಹಾಕಿದರೂ 0.2 ಶೇಕಡಾ ವ್ಯತ್ಯಾಸವಷ್ಟೆ. ಇವೆಲ್ಲವನ್ನೂ ಮೀಟರ್, ಕಿಲೋಗ್ರಾಂಗಳಿಗೆ ಬದಲಾಯಿಸಿ ಸೂತ್ರಕ್ಕೆ ಹಾಕಿದರೆ ಕ್ಯಾಲ್ಕುಲೇಟರ್ 1.9896 × 10¹¹ ಎಂದು ತೋರಿಸುತ್ತದೆ, ಅದರ ಮುಂದೆ ಇನ್ನೂ ಅಂಕಿಗಳ ಸಾಲು. ಮಾನ ನ್ಯೂಟನ್ ಪ್ರತಿ ಚದರ ಮೀಟರಿಗೆ. ಉಕ್ಕಿಗೆ ಕೈಪಿಡಿಗಳಲ್ಲಿ ಕೊಡುವ ಬೆಲೆ ಸುಮಾರು 2 × 10¹¹. ವಿದ್ಯಾರ್ಥಿ ಖುಷಿಯಿಂದ ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಾನೆ.

ಆದರೆ ಆ 1.9896ರಲ್ಲಿ ಎಷ್ಟು ಅಂಕಿಗಳನ್ನು ನಂಬಬಹುದು? ಅದಕ್ಕೆ ಒಂದೊಂದೇ ಓದಿನ ಬಳಿ ಹೋಗಿ ಕೇಳಬೇಕು.

ಮೊದಲು ಮೈಕ್ರೋಸ್ಕೋಪ್. ಅದರ ಲೀಸ್ಟ್ ಕೌಂಟ್ 0.001 ಸೆಂ.ಮೀ. ತೂಕವಿಲ್ಲದಾಗ ಓದು 7.245, 150 ಗ್ರಾಂ ಹಾಕಿದಾಗ 6.850 ಎನ್ನೋಣ. ವ್ಯತ್ಯಾಸ 0.395 ಸೆಂ.ಮೀ. ಇಲ್ಲಿ ಬಹಳ ಜನ ಎಡವುತ್ತಾರೆ. ಏಳು ಸೆಂಟಿಮೀಟರಿನಲ್ಲಿ ಸಾವಿರದ ಒಂದು ಭಾಗ ತಪ್ಪಿದರೆ ಏನು ಮಹಾ ಎಂದು ಅವರ ಲೆಕ್ಕ. ಆದರೆ ಸೂತ್ರಕ್ಕೆ ಹೋಗುವುದು ಏಳು ಸೆಂಟಿಮೀಟರ್ ಅಲ್ಲ, ಎರಡು ಓದುಗಳ ವ್ಯತ್ಯಾಸ. ಕಳೆಯುವಾಗ ಸಂಖ್ಯೆಗಳು ಕರಗಿ ಸಣ್ಣದಾಗುತ್ತವೆ, ಅನಿಶ್ಚಿತತೆಗಳು ಮಾತ್ರ ಕಳೆದುಹೋಗದೆ ಕೂಡಿಕೊಳ್ಳುತ್ತವೆ. ಮೊದಲ ಓದಿನಲ್ಲಿ 0.001, ಎರಡನೆಯದರಲ್ಲಿ 0.001, ಒಟ್ಟು 0.002 ಸೆಂ.ಮೀ. ಅದನ್ನು 0.395ಕ್ಕೆ ಹೋಲಿಸಿದರೆ ಅರ್ಧ ಶೇಕಡಾ.

150 ಗ್ರಾಂ ಬದಲು 50 ಗ್ರಾಂನ ಒಂದೇ ಬಿಲ್ಲೆಗೆ ಬಾಗು ಅಳೆದಿದ್ದರೆ ಅದು ಸುಮಾರು 1.32 ಮಿ.ಮೀ. ಇರುತ್ತಿತ್ತು. ಅದೇ 0.02 ಮಿ.ಮೀ. ಅನಿಶ್ಚಿತತೆ ಆಗ 1.5 ಶೇಕಡಾ ಆಗುತ್ತಿತ್ತು. ಸೊನ್ನೆಯಿಂದ 250 ಗ್ರಾಂವರೆಗಿನ ಆರು ಓದುಗಳನ್ನು ತೆಗೆದುಕೊಂಡು, ಮೊದಲನೆಯದನ್ನು ನಾಲ್ಕನೆಯದರೊಂದಿಗೆ, ಎರಡನೆಯದನ್ನು ಐದನೆಯದರೊಂದಿಗೆ, ಮೂರನೆಯದನ್ನು ಆರನೆಯದರೊಂದಿಗೆ ಜೋಡಿಸಿ ಕಳೆಯಲು ಮೇಷ್ಟ್ರು ಹೇಳುವುದು ಇದಕ್ಕೇ. ಕೆಲವರು ಒಂದರ ಪಕ್ಕದ ಒಂದನ್ನು ಕಳೆದು ಐದು ವ್ಯತ್ಯಾಸಗಳ ಸರಾಸರಿ ತೆಗೆಯುತ್ತಾರೆ. ಕಾಗದದ ಮೇಲೆ ಬಿಡಿಸಿ ಬರೆದು ನೋಡಿದರೆ ಅದರ ಸಂಗತಿ ಗೊತ್ತಾಗುತ್ತದೆ: ನಡುವಿನ ನಾಲ್ಕು ಓದುಗಳು ಒಂದು ಸಲ ಕೂಡಿ ಒಂದು ಸಲ ಕಳೆದು ಸೊನ್ನೆಯಾಗುತ್ತವೆ, ಉಳಿಯುವುದು ಮೊದಲ ಮತ್ತು ಕೊನೆಯ ಓದು ಮಾತ್ರ. ಅಷ್ಟು ಕಷ್ಟಪಟ್ಟು ತೆಗೆದ ನಾಲ್ಕು ಓದುಗಳು ಉತ್ತರಕ್ಕೆ ಏನೂ ಕೊಟ್ಟಿರುವುದಿಲ್ಲ.

ಅಗಲದ ವಿಷಯ ಸುಲಭ. ವರ್ನಿಯರ್‌ನ ಲೀಸ್ಟ್ ಕೌಂಟ್ 0.01 ಸೆಂ.ಮೀ., ಅಗಲ 2.52 ಸೆಂ.ಮೀ. ಅನಿಶ್ಚಿತತೆ 0.4 ಶೇಕಡಾ.

ಉದ್ದಕ್ಕೆ ಮೀಟರ್ ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ಅನಿಶ್ಚಿತತೆ ಇಟ್ಟುಕೊಳ್ಳೋಣ. 15 ಸೆಂ.ಮೀ.ಗೆ ಒಂದು ಮಿ.ಮೀ. ಎಂದರೆ 0.67 ಶೇಕಡಾ. ಆದರೆ L ಸೂತ್ರದಲ್ಲಿ ಘನವಾಗಿದೆ. L × L × L ಎಂದು ಮೂರು ಸಲ ಗುಣಿಸುವಾಗ ಅದೇ ತಪ್ಪು ಅದೇ ದಿಕ್ಕಿಗೆ ಮೂರು ಸಲ ಒಳಗೆ ಬರುತ್ತದೆ. ಹಾಗಾಗಿ 0.67 ಅಲ್ಲ, 2 ಶೇಕಡಾ.

ದಪ್ಪದ ಓದು 1.00 ಮಿ.ಮೀ., ಸ್ಕ್ರೂ ಗೇಜ್‌ನ ಲೀಸ್ಟ್ ಕೌಂಟ್ 0.01 ಮಿ.ಮೀ. ಇದು ನಾಲ್ಕೂ ಉಪಕರಣಗಳಲ್ಲಿ ಎಲ್ಲಕ್ಕಿಂತ ನವಿರಾದದ್ದೆಂದು ತೋರುತ್ತದೆ, ಮಿಲಿಮೀಟರಿನ ನೂರನೇ ಒಂದು ಭಾಗ! ಆದರೆ ಅಳೆಯುತ್ತಿರುವ ವಸ್ತುವೂ ಅಷ್ಟೇ ಸಣ್ಣದು. ಒಂದು ಮಿಲಿಮೀಟರಿನಲ್ಲಿ ನೂರನೇ ಒಂದು ಭಾಗವೆಂದರೆ 1 ಶೇಕಡಾ. ಘನದಿಂದಾಗಿ ಅದು 3 ಶೇಕಡಾ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ: ಬಾಗು 0.5, ಅಗಲ 0.4, ಉದ್ದ 2, ದಪ್ಪ 3. ಅರ್ಧಕ್ಕಿಂತ ಹೆಚ್ಚು ಸಮಯ ತಿಂದ ಮೈಕ್ರೋಸ್ಕೋಪಿನ ಪಾಲು ಅರ್ಧ ಶೇಕಡಾ. ಎರಡು ನಿಮಿಷದ ಸ್ಕ್ರೂ ಗೇಜ್‌ನ ಪಾಲು ಅದರ ಆರು ಪಟ್ಟು.

ಈ ನಾಲ್ಕನ್ನು ಒಟ್ಟುಗೂಡಿಸುವ ಬಗೆ ಎರಡು. ಪಿಯುಸಿ ಮಟ್ಟದಲ್ಲಿ ಕಲಿಸುವುದು ನೇರವಾಗಿ ಕೂಡುವುದನ್ನು. 0.5 + 0.4 + 2 + 3, ಒಟ್ಟು 5.9 ಶೇಕಡಾ. ಇದು ಅತಿ ಕೆಟ್ಟ ಪರಿಸ್ಥಿತಿಯ ಲೆಕ್ಕ. ನಾಲ್ಕೂ ಓದುಗಳು ತಮ್ಮ ಮಿತಿಯ ಕೊನೆಗೆ ಹೋಗಿ, ಎಲ್ಲವೂ ಉತ್ತರವನ್ನು ಒಂದೇ ಕಡೆಗೆ ತಳ್ಳಿದರೆ ಮಾತ್ರ ಅಷ್ಟು ತಪ್ಪಾಗುತ್ತದೆ. ನಾಲ್ಕು ಬೇರೆ ಬೇರೆ ಉಪಕರಣಗಳು ಹಾಗೆ ಒಟ್ಟಾಗಿ ಸಂಚು ಹೂಡುವುದು ಅಪರೂಪ, ಒಂದು ಹೆಚ್ಚು ತೋರಿಸಿದರೆ ಇನ್ನೊಂದು ಕಡಿಮೆ ತೋರಿಸಿರುತ್ತದೆ. ಅದಕ್ಕಾಗಿ ಮುಂದಿನ ತರಗತಿಗಳಲ್ಲಿ ಪ್ರತಿಯೊಂದನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯುತ್ತಾರೆ. ಜರ್ಮನಿಯ ಗಣಿತಜ್ಞ ಗೌಸ್ 19ನೇ ಶತಮಾನದ ಮೊದಲ ದಶಕಗಳಲ್ಲಿ ಗಟ್ಟಿಗೊಳಿಸಿದ ದಾರಿ ಇದು. 1993ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಹೊರತಂದ ಮಾಪನ ಅನಿಶ್ಚಿತತೆಯ ಮಾರ್ಗದರ್ಶಿಯೂ ಇದನ್ನೇ ಆಧಾರವಾಗಿಟ್ಟುಕೊಂಡಿದೆ. 0.25 + 0.16 + 4 + 9 ಕೂಡಿದರೆ 13.41, ಅದರ ವರ್ಗಮೂಲ 3.7 ಶೇಕಡಾ. 1.99ರಲ್ಲಿ 3.7 ಶೇಕಡಾ ಎಂದರೆ 0.07. ಆದ್ದರಿಂದ ಬರೆಯಬೇಕಾದ ಉತ್ತರ (1.99 ± 0.07) × 10¹¹. ಉಳಿದ ಅಂಕಿಗಳಿಗೆ ಬೆಲೆಯಿಲ್ಲ.

ಆ ವರ್ಗಗಳ ಸಾಲನ್ನು ಇನ್ನೊಮ್ಮೆ ನೋಡಬೇಕು. 13.41ರಲ್ಲಿ 13 ಬಂದಿರುವುದು ಉದ್ದ ಮತ್ತು ದಪ್ಪದಿಂದ. ಕಾಲೇಜು ಸಾಲ ಮಾಡಿ ಎರಡು ಪಟ್ಟು ನಿಖರವಾದ ಮೈಕ್ರೋಸ್ಕೋಪ್ ಕೊಂಡಿತು ಎನ್ನೋಣ. ಬಾಗಿನ ಪಾಲು 0.5ರಿಂದ 0.25ಕ್ಕೆ ಇಳಿಯುತ್ತದೆ. ಒಟ್ಟು ಅನಿಶ್ಚಿತತೆ 3.66ರಿಂದ 3.64ಕ್ಕೆ ಇಳಿಯುತ್ತದೆ. ಅಷ್ಟೇ ಲಾಭ. ಅದೇ 0.001 ಮಿ.ಮೀ. ತೋರಿಸುವ ಡಿಜಿಟಲ್ ಮೈಕ್ರೋಮೀಟರ್ ಒಂದನ್ನು ತಂದು, ಪಟ್ಟಿಯ ಉದ್ದಕ್ಕೂ ಹತ್ತು ಕಡೆ ದಪ್ಪ ಅಳೆದು, d ಅನಿಶ್ಚಿತತೆಯನ್ನು 0.003 ಮಿ.ಮೀ.ಗೆ ತಂದರೆ ಅದರ ಪಾಲು 3ರಿಂದ 0.9ಕ್ಕೆ ಬೀಳುತ್ತದೆ. ಉದ್ದವನ್ನು ಅರ್ಧ ಮಿಲಿಮೀಟರಿಗೆ ಎಚ್ಚರಿಕೆಯಿಂದ ಓದಿದರೆ 2 ಇದ್ದದ್ದು 1 ಆಗುತ್ತದೆ. ಒಟ್ಟು 1.5 ಶೇಕಡಾ. ಮೈಕ್ರೋಸ್ಕೋಪನ್ನು ಮುಟ್ಟದೆಯೇ ಉತ್ತರ ಎರಡು ಪಟ್ಟಿಗಿಂತ ಹೆಚ್ಚು ಗಟ್ಟಿಯಾಯಿತು.

ಇಷ್ಟೆಲ್ಲ ಕಲನಶಾಸ್ತ್ರವಿಲ್ಲದೆಯೇ ಕಂಡುಕೊಳ್ಳುವ ದಾರಿಯೂ ಉಂಟು. ಸೂತ್ರದಲ್ಲಿ ಒಂದೇ ಒಂದು ಓದನ್ನು ಅದರ ಅನಿಶ್ಚಿತತೆಯಷ್ಟು ಸರಿಸಿ, ಉಳಿದವನ್ನು ಹಾಗೇ ಬಿಟ್ಟು, ಪೂರ್ತಿ ಲೆಕ್ಕ ಮತ್ತೆ ಮಾಡುವುದು. d ಜಾಗದಲ್ಲಿ 1.00 ಬದಲು 1.01 ಹಾಕಿದರೆ Y 1.99ರಿಂದ 1.93ಕ್ಕೆ ಇಳಿಯುತ್ತದೆ. L ಜಾಗದಲ್ಲಿ 15.1 ಹಾಕಿದರೆ 2.03ಕ್ಕೆ ಏರುತ್ತದೆ. ಅಗಲವನ್ನೋ ಬಾಗನ್ನೋ ಸರಿಸಿದರೆ 1.98, ಕದಲಿಯೂ ಕದಲದಂತೆ. ನಾಲ್ಕು ಬದಲಾವಣೆಗಳು 0.06, 0.04, 0.01, 0.01. ಇವನ್ನು ವರ್ಗ ಮಾಡಿ ಕೂಡಿ ಮೂಲ ತೆಗೆದರೆ ಅದೇ 0.07 ಬರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಐದು ನಿಮಿಷದ ಕೆಲಸ. ಸೂತ್ರದಲ್ಲಿ ಸೈನ್, ಲಾಗರಿದಮ್ ಏನೇ ಇದ್ದರೂ ಈ ದಾರಿ ಕೈಕೊಡುವುದಿಲ್ಲ. ಯಾವ ಓದು ಉತ್ತರವನ್ನು ಅಲುಗಾಡಿಸುತ್ತದೆ ಎನ್ನುವುದು ವಿದ್ಯಾರ್ಥಿಗೆ ಕಣ್ಣಾರೆ ಕಾಣುತ್ತದೆ ಎನ್ನುವುದು ಇದರ ದೊಡ್ಡ ಗುಣ. ಪ್ರತಿ ಪ್ರಯೋಗಾಲಯದಲ್ಲೂ ಮೊದಲು ಇದನ್ನೇ ಕಲಿಸಬೇಕು, ಸೂತ್ರದ ನಿಯಮಗಳು ಆಮೇಲೆ ಬರಲಿ.

ಇಲ್ಲಿಯವರೆಗಿನ ಲೆಕ್ಕವೆಲ್ಲ ಒಂದು ನಂಬಿಕೆಯ ಮೇಲೆ ನಿಂತಿದೆ: ಓದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುತ್ತದೆ, ಒಂದೇ ಕಡೆಗೆ ವಾಲಿಕೊಂಡಿರುವುದಿಲ್ಲ. ಪ್ರಯೋಗಾಲಯದ ಹಳೆಯ ಸ್ಕ್ರೂ ಗೇಜ್‌ಗಳು ಈ ನಂಬಿಕೆಯನ್ನು ಉಳಿಸಿಕೊಡುವುದಿಲ್ಲ.

ಬಾಯಿ ಪೂರ್ತಿ ಮುಚ್ಚಿದಾಗಲೂ ಸೊನ್ನೆ ತೋರಿಸದೆ 0.03 ಮಿ.ಮೀ. ತೋರಿಸುವ ಒಂದು ಸ್ಕ್ರೂ ಗೇಜ್ ತೆಗೆದುಕೊಳ್ಳೋಣ. ಈ ಜೀರೋ ಎರರನ್ನು ಪ್ರತಿ ಓದಿನಿಂದ ಕಳೆಯಬೇಕು. ಮರೆತರೆ 1.00 ಮಿ.ಮೀ. ಪಟ್ಟಿ 1.03 ಎಂದು ದಾಖಲಾಗುತ್ತದೆ. ಹತ್ತು ಕಡೆ ಅಳೆದರೂ 1.03, 1.03, 1.02, 1.04 ಎಂದೇ ಬರುತ್ತದೆ. ಓದುಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಸರಾಸರಿ ತೆಗೆದಷ್ಟೂ ಧೈರ್ಯ ಹೆಚ್ಚುತ್ತದೆ, ತಪ್ಪು ಮಾತ್ರ ಅಲ್ಲೇ ಇರುತ್ತದೆ. 1.03ರ ಘನ 1.093. Y 1.99 ಬರಬೇಕಾದಲ್ಲಿ 1.82 ಬರುತ್ತದೆ. ಎಂಟೂವರೆ ಶೇಕಡಾ ಕಡಿಮೆ. ರ‍್ಯಾಚೆಟ್ ಬಿಟ್ಟು ತಿರುಪಿನ ಮೈಯನ್ನೇ ಹಿಡಿದು ಬಿಗಿದರೂ ಇಂಥದೇ ವಾಲು ಬರುತ್ತದೆ, ಈ ಸಲ ಕಡಿಮೆ ಕಡೆಗೆ. ಪಟ್ಟಿಯ ಮೇಲೆ ಬಣ್ಣ ಬಳಿದಿದ್ದರೆ ಸ್ಕ್ರೂ ಗೇಜ್ ಬಣ್ಣವನ್ನೂ ಸೇರಿಸಿ ಅಳೆಯುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿ ಬಣ್ಣಕ್ಕಿಲ್ಲ.

ಇದು ಕಾಲೇಜು ಲ್ಯಾಬಿಗಷ್ಟೇ ಸೀಮಿತವಾದ ಸಂಕಟವಲ್ಲ. ಅಮೆರಿಕದ ರಾಬರ್ಟ್ ಮಿಲಿಕನ್ ಎಣ್ಣೆಯ ಹನಿಗಳ ಪ್ರಯೋಗದಿಂದ ಎಲೆಕ್ಟ್ರಾನಿನ ವಿದ್ಯುದಾವೇಶವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಬೆಲೆ, ಆಗಿನ ಮಾನಗಳಲ್ಲಿ, 4.774 × 10⁻¹⁰. ಅನಿಶ್ಚಿತತೆ 0.009 ಎಂದು ಆತ ಹೇಳಿದ್ದರು, ಅಂದರೆ ಸುಮಾರು 0.2 ಶೇಕಡಾ. ಇವತ್ತಿನ ಬೆಲೆ 4.803. ವ್ಯತ್ಯಾಸ 0.6 ಶೇಕಡಾ, ಹೇಳಿದ್ದಕ್ಕಿಂತ ಮೂರು ಪಟ್ಟು. ಹನಿಗಳನ್ನು ನೋಡಿದ್ದರಲ್ಲಿ ತಪ್ಪಿರಲಿಲ್ಲ. ಹನಿ ಗಾಳಿಯಲ್ಲಿ ಬೀಳುವ ವೇಗದಿಂದ ಲೆಕ್ಕ ಹಾಕಲು ಗಾಳಿಯ ಸ್ನಿಗ್ಧತೆ ಬೇಕು, ಅದರ ಬೆಲೆಯನ್ನು ಬೇರೆ ಪ್ರಯೋಗದಿಂದ ತೆಗೆದುಕೊಂಡಿದ್ದರು. ಆ ಬೆಲೆ ಸುಮಾರು 0.4 ಶೇಕಡಾ ಕಡಿಮೆ ಇತ್ತು. ಸೂತ್ರದಲ್ಲಿ ಸ್ನಿಗ್ಧತೆಗೆ ಒಂದೂವರೆಯ ಘಾತ. 0.4ರ ಒಂದೂವರೆ ಪಟ್ಟು 0.6. ಎಷ್ಟು ಹನಿ ಅಳೆದರೂ ಈ ತಪ್ಪು ಹೋಗುವಂತಿರಲಿಲ್ಲ, ಏಕೆಂದರೆ ಪ್ರತಿ ಹನಿಯ ಲೆಕ್ಕಕ್ಕೂ ಅದೇ ಸ್ನಿಗ್ಧತೆ ಹೋಗುತ್ತಿತ್ತು. ಎಕ್ಸ್-ಕಿರಣಗಳಿಂದ ಹರಳುಗಳನ್ನು ಅಳೆದು ಬೇರೊಂದು ದಾರಿಯಲ್ಲಿ ಅದೇ ಆವೇಶಕ್ಕೆ ಬಂದವರ ಬೆಲೆ ಹೊಂದದೇ ಹೋದಾಗ ಸ್ನಿಗ್ಧತೆಯ ಮೇಲೆ ಕಣ್ಣು ಬಿತ್ತು.

ಒಂದೇ ಕಡೆ ವಾಲುವ ತಪ್ಪನ್ನು ಹಿಡಿಯುವ ದಾರಿ ಇದೇ: ಅದೇ ಬೆಲೆಗೆ ಇನ್ನೊಂದು ದಾರಿಯಿಂದ ಬರುವುದು. ಕ್ಯಾಂಟಿಲಿವರ್ ಪ್ರಯೋಗದಲ್ಲೂ ಇದಕ್ಕೆ ಅವಕಾಶವಿದೆ.

ಉದ್ದದ ಓದನ್ನು ಪರೀಕ್ಷಿಸಲು ಒಂದು ಗ್ರಾಫ್ ಸಾಕು. ಬಿಗಿದ ಹಿಡಿಕೆ ಅಂಚಿನಲ್ಲೇ ಗಟ್ಟಿಯಾಗಿ ಹಿಡಿದಿರಬೇಕೆಂದಿಲ್ಲ. ಮರದ ತುಂಡು ಸವೆದಿದ್ದರೆ ಪಟ್ಟಿ ಒಂದೆರಡು ಮಿಲಿಮೀಟರ್ ಒಳಗಿನಿಂದಲೇ ಬಾಗಲು ಶುರುಮಾಡುತ್ತದೆ. ಸ್ಕೇಲು 15.0 ಎಂದರೂ ನಿಜವಾಗಿ ಬಾಗುತ್ತಿರುವುದು 15.2 ಸೆಂ.ಮೀ. ಆಗಿರಬಹುದು, ಅಷ್ಟರಿಂದಲೇ Y ಸುಮಾರು 4 ಶೇಕಡಾ ಕಡಿಮೆ ಬರುತ್ತದೆ. ಇದನ್ನು ಕಂಡುಹಿಡಿಯಲು 10, 15, 20, 25 ಸೆಂ.ಮೀ. ಉದ್ದಗಳಲ್ಲಿ ಒಂದೇ ತೂಕಕ್ಕೆ ಬಾಗು ಅಳೆಯಬೇಕು. ಉದ್ದ ಹೆಚ್ಚಿದಂತೆ ಬಾಗು ವಿಪರೀತ ಏರುತ್ತದೆ, ಸೂತ್ರ ಹೊಂದುವುದು ಸಣ್ಣ ಬಾಗುಗಳಿಗೆ ಮಾತ್ರ. ಹಾಗಾಗಿ ಇಲ್ಲಿ 50 ಗ್ರಾಂ ಸಾಕು. ಬಾಗು ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ, ಬಾಗಿನ ಘನಮೂಲವನ್ನು ಉದ್ದದ ಎದುರು ಗುರುತಿಸಿದರೆ ನೇರ ಗೆರೆ ಬರಬೇಕು. ಉದ್ದದ ಓದು ಸರಿಯಿದ್ದರೆ ಗೆರೆ ಸೊನ್ನೆಯ ಮೂಲಕ ಹಾಯುತ್ತದೆ. ಎರಡು ಮಿಲಿಮೀಟರ್ ತಪ್ಪಿದ್ದರೆ ಸೊನ್ನೆಯಿಂದ ಎರಡು ಮಿಲಿಮೀಟರ್ ಎಡಕ್ಕೆ ಅಡ್ಡ ಅಕ್ಷವನ್ನು ಕಡಿಯುತ್ತದೆ. ತಪ್ಪು ಎಷ್ಟೆಂದು ಗ್ರಾಫೇ ಹೇಳಿಬಿಡುತ್ತದೆ. ಗೆರೆಯ ಇಳಿಜಾರಿನಿಂದ Y ಲೆಕ್ಕ ಮಾಡಿದರೆ ಆ ತಪ್ಪು ಅದರೊಳಗೆ ನುಸುಳುವುದೂ ಇಲ್ಲ.

ಆದರೆ ದಪ್ಪದ ತಪ್ಪಿಗೆ ಈ ಗ್ರಾಫ್ ಕುರುಡು. ನಾಲ್ಕೂ ಉದ್ದಗಳಲ್ಲಿ ಪಟ್ಟಿ ಅದೇ, ದಪ್ಪ ಅದೇ. ಗೆರೆ ಸೊಗಸಾಗಿ ನೇರ ಬರುತ್ತದೆ, ಸೊನ್ನೆಯ ಮೂಲಕವೂ ಹೋಗುತ್ತದೆ, ಉತ್ತರ ಮಾತ್ರ ಎಂಟೂವರೆ ಶೇಕಡಾ ಕಡಿಮೆ.

ಇದಕ್ಕೆ ಮದ್ದು ರಸಾಯನಶಾಸ್ತ್ರ ವಿಭಾಗದ ತಕ್ಕಡಿಯಲ್ಲಿದೆ. 30 ಸೆಂ.ಮೀ. ಉದ್ದ, 2.52 ಸೆಂ.ಮೀ. ಅಗಲ, 1.00 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ತೂಗಬೇಕಾದದ್ದು ಸುಮಾರು 59.3 ಗ್ರಾಂ, ಉಕ್ಕಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 7.85 ಗ್ರಾಂ ಎಂದಿಟ್ಟುಕೊಂಡರೆ. ದಪ್ಪ ನಿಜವಾಗಿ 1.03 ಇದ್ದಿದ್ದರೆ ತೂಕ 61 ಗ್ರಾಂ ದಾಟಬೇಕಿತ್ತು. ಹತ್ತನೇ ಒಂದು ಗ್ರಾಂ ತೋರಿಸುವ ತಕ್ಕಡಿಗೆ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ಸ್ಕ್ರೂ ಗೇಜ್ ಹೇಳಿದ್ದು ಸುಳ್ಳೋ ನಿಜವೋ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಉಕ್ಕಿನ ಬಗೆಯಿಂದ ಬಗೆಗೆ ಸಾಂದ್ರತೆ ಸ್ವಲ್ಪ ಬದಲಾಗುತ್ತದೆ ನಿಜ, ಆದರೆ ಮೂರು ಶೇಕಡಾ ತಪ್ಪನ್ನು ಹಿಡಿಯಲು ಅದು ಅಡ್ಡಿಯಾಗದು.

ಈ ತೂಕದಿಂದ ಬಂದ ದಪ್ಪವನ್ನೇ ಸೂತ್ರಕ್ಕೆ ಹಾಕಲು ಹೊರಟವರು ಒಂದು ಕಡೆ ಜಾಗ್ರತೆ ವಹಿಸಬೇಕು. ತೂಕದಿಂದ ದಪ್ಪ ತೆಗೆಯುವಾಗ ಅಗಲದಿಂದ ಭಾಗಿಸಿರುತ್ತೇವೆ. ಅಗಲ 0.4 ಶೇಕಡಾ ಹೆಚ್ಚು ಓದಿದ್ದರೆ ದಪ್ಪ ಅಷ್ಟೇ ಕಡಿಮೆ ಬರುತ್ತದೆ, ಅದರ ಘನ 1.2 ಶೇಕಡಾ ಕಡಿಮೆ. ಸೂತ್ರದ ಛೇದದಲ್ಲಿ ಅಗಲ ಮತ್ತು ದಪ್ಪದ ಘನ ಒಟ್ಟಿಗೆ ಗುಣಿಸಲ್ಪಡುವುದರಿಂದ ಒಂದು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ ಎಳೆದು, ಕೊನೆಗೆ ಉಳಿಯುವುದು 0.8 ಶೇಕಡಾ. ನಿಯಮವನ್ನು ಕಣ್ಣುಮುಚ್ಚಿ ಹಾಕಿ 0.4 ಮತ್ತು 1.2 ಕೂಡಿದವರಿಗೆ ಅದರ ಎರಡು ಪಟ್ಟು, 1.6, ಬರುತ್ತದೆ. ಒಂದೇ ಓದು ಎರಡು ಬಾಗಿಲುಗಳಿಂದ ಸೂತ್ರದೊಳಗೆ ಬಂದಾಗ ಶೇಕಡಾ ಕೂಡುವ ನಿಯಮವಾಗಲಿ, ವರ್ಗ ಮಾಡಿ ಕೂಡುವ ನಿಯಮವಾಗಲಿ ನಡೆಯುವುದಿಲ್ಲ. ಆಗಲೂ ಕೈಹಿಡಿಯುವುದು ಆ ಸರಿಸಿ ನೋಡುವ ವಿಧಾನವೇ: ಅಗಲದ ಮೂಲ ಓದನ್ನು 2.53 ಎಂದು ಬದಲಿಸಿ, ದಪ್ಪದಿಂದ ಹಿಡಿದು ಎಲ್ಲವನ್ನೂ ಮೊದಲಿನಿಂದ ಲೆಕ್ಕ ಮಾಡುವುದು.

ಎರಡು ಬ್ಯಾಚುಗಳ ಉತ್ತರ ಹೊಂದದಿದ್ದಾಗ ಏನು ಮಾಡಬೇಕು ಎನ್ನುವುದಕ್ಕೂ ಇದೇ ಲೆಕ್ಕ ದಾರಿ ತೋರಿಸುತ್ತದೆ. ಒಂದು ಬ್ಯಾಚಿಗೆ 1.99 ± 0.07, ಜೀರೋ ಎರರ್ ಮರೆತ ಇನ್ನೊಂದಕ್ಕೆ 1.82 ± 0.07 ಬಂದಿದೆ. ವ್ಯತ್ಯಾಸ 0.17. ಎರಡೂ ಅನಿಶ್ಚಿತತೆಗಳನ್ನು ವರ್ಗ ಮಾಡಿ ಕೂಡಿ ಮೂಲ ತೆಗೆದರೆ 0.10. ವ್ಯತ್ಯಾಸ ಅದರ ಎರಡು ಪಟ್ಟನ್ನೂ ಮುಟ್ಟಿಲ್ಲ, ಅನುಮಾನ ಬಂತೇ ಹೊರತು ತೀರ್ಪು ಕೊಡುವಂತಿಲ್ಲ. ಉತ್ತರಗಳನ್ನು ಬದಿಗಿಟ್ಟು ಓದುಗಳನ್ನೇ ಹೋಲಿಸಿದರೆ ಚಿತ್ರ ತಿಳಿಯಾಗುತ್ತದೆ. ಅದೇ ಪಟ್ಟಿಗೆ ಒಬ್ಬರು 1.00, ಇನ್ನೊಬ್ಬರು 1.03 ಬರೆದಿದ್ದಾರೆ. ವ್ಯತ್ಯಾಸ 0.03, ಅದಕ್ಕೆ ಇರಬಹುದಾದ ಅನಿಶ್ಚಿತತೆ 0.014. ಎರಡು ಪಟ್ಟು ದಾಟಿತು. ಸೂತ್ರದೊಳಗೆ ಎಲ್ಲವೂ ಕಲಸಿಹೋದ ಮೇಲೆ ಕಾಣದ ತಪ್ಪು, ಕಲಸುವ ಮುಂಚೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗಾಗಿ ರೆಕಾರ್ಡಿನಲ್ಲಿ ಮೂಲ ಓದುಗಳನ್ನು, ಜೀರೋ ಎರರನ್ನು, ಯಾವ ಸಂಖ್ಯೆಯ ಸ್ಕ್ರೂ ಗೇಜ್ ಬಳಸಿದರು ಎನ್ನುವುದನ್ನು ಬರೆದಿಡಬೇಕೆಂದು ಮೇಷ್ಟ್ರು ಹಟ ಹಿಡಿದರೆ ಅದರಲ್ಲಿ ಅರ್ಥವಿದೆ.

ಪುಸ್ತಕದ ಬೆಲೆಗೆ ಹೋಲಿಸಿ ಶೇಕಡಾವಾರು ದೋಷ ಬರೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಆದರೆ ಅದು ಈ ಕೆಲಸವನ್ನು ಮಾಡುವುದಿಲ್ಲ. ಮಿಲಿಕನ್‌ಗೆ ಹೋಲಿಸಿ ನೋಡಲು ಪುಸ್ತಕವೇ ಇರಲಿಲ್ಲ. ಲ್ಯಾಬಿನಲ್ಲಿರುವ ಪಟ್ಟಿಯ ಉಕ್ಕು ಯಾವ ಬಗೆಯದೆಂದು ಕಾಲೇಜಿಗೂ ಗೊತ್ತಿರುವುದಿಲ್ಲ. ಅದೂ ಅಲ್ಲದೆ, ದಪ್ಪದಲ್ಲಿ ಹೆಚ್ಚು, ಉದ್ದದಲ್ಲೂ ಹೆಚ್ಚು ಓದಿ, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಉತ್ತರ ಸರಿಯಾಗಿ 2.00 ಬರುವುದೂ ಉಂಟು. ಪುಸ್ತಕದ ಬೆಲೆಯ ಹತ್ತಿರ ಬಂದವರಿಗೆ ಹೆಚ್ಚು ಅಂಕ ಕೊಡುವ ಪದ್ಧತಿ ವಿದ್ಯಾರ್ಥಿಗಳನ್ನು ಓದುಗಳನ್ನು ತಿದ್ದುವ ಕಡೆಗೆ ತಳ್ಳುತ್ತದೆ. 1.82 ± 0.07 ಎಂದು ಬರೆದು, ಸ್ಕ್ರೂ ಗೇಜ್ ಮೇಲೆ ಅನುಮಾನವಿದೆ, ಪಟ್ಟಿಯನ್ನು ತೂಗಿ ನೋಡಬೇಕು ಎಂದು ಒಂದು ಸಾಲು ಸೇರಿಸಿದ ವಿದ್ಯಾರ್ಥಿಗೆ, ಅನಿಶ್ಚಿತತೆಯಿಲ್ಲದೆ 2.0003 ಬರೆದವರಿಗಿಂತ ಹೆಚ್ಚು ಅಂಕ ಸಿಗಬೇಕು. ವೈವಾದಲ್ಲಿ ಸೂತ್ರವನ್ನು ಬಾಯಿಪಾಠ ಕೇಳುವ ಬದಲು, ಈ ಸೂತ್ರದಲ್ಲಿ ನಿನ್ನ ಯಾವ ಓದಿನ ಮೇಲೆ ನಿನಗೆ ನಂಬಿಕೆ ಕಡಿಮೆ, ಯಾಕೆ, ಎಂದು ಪರೀಕ್ಷಕರು ಕೇಳಬೇಕು.

ಈ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಹೋಗುವವರು ಮೈಕ್ರೋಸ್ಕೋಪಿನ ಹತ್ತಿರ ಹೋಗುವ ಮೊದಲು ಹತ್ತು ನಿಮಿಷವನ್ನು ಸ್ಕ್ರೂ ಗೇಜ್‌ಗೆ ಕೊಡಿ. ಬಾಯಿ ಮುಚ್ಚಿ ಜೀರೋ ಎರರ್ ನೋಡಿ ಬರೆದುಕೊಳ್ಳಿ. ರ‍್ಯಾಚೆಟ್ ಕಟಕಟ ಎನ್ನುವವರೆಗೆ ಮಾತ್ರ ತಿರುಗಿಸಿ. ಬಣ್ಣ, ತುಕ್ಕು ಇಲ್ಲದ ಐದಾರು ಜಾಗಗಳಲ್ಲಿ ದಪ್ಪ ಅಳೆಯಿರಿ. ಸಾಧ್ಯವಿದ್ದರೆ ಇನ್ನೂ ಉದ್ದದ ಪಟ್ಟಿ ತೆಗೆದುಕೊಂಡು ಅದನ್ನು 15ರ ಬದಲು 30 ಸೆಂ.ಮೀ.ವರೆಗೆ ಹೊರಚಾಚಿ ಬಿಗಿಯಿರಿ. ಆಗ ಉದ್ದದ ಪಾಲು 2ರಿಂದ 1 ಶೇಕಡಾಕ್ಕೆ ಇಳಿಯುತ್ತದೆ, ಬಾಗು ಎಂಟು ಪಟ್ಟು ಆಗುವುದರಿಂದ 50 ಗ್ರಾಂ ತೂಕವೇ ಒಂದು ಸೆಂಟಿಮೀಟರಿಗಿಂತ ಹೆಚ್ಚು ಬಾಗಿಸುತ್ತದೆ. ಮೈಕ್ರೋಸ್ಕೋಪಿಗೆ ಉಳಿದ ಸಮಯ ಧಾರಾಳವಾಗಿ ಸಾಕಾಗುತ್ತದೆ.